ಘಮವಿರಲಿ, ಘಾಟು ಬೇಡ: ಹೋಟೆಲ್ ಯಜಮಾನರಿಗೆ ಒಂದು ಕಿವಿಮಾತು

ಮೊನ್ನೆ ಭಾನುವಾರ ಮಧ್ಯಾಹ್ನ ನಿಮ್ಮ ಎಸಿ ಹಾಲ್‌ನಲ್ಲಿ ಮನೆಮಂದಿಯ ಜೊತೆ ಊಟ ಮಾಡಿದೆ. ಬಡಿಸಿದ ಹುಡುಗರ ನಡವಳಿಕೆ ಚೆನ್ನಾಗಿತ್ತು, ಎಲೆಯ ಮೇಲೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಸಾರಿನ ಇಂಗಿನ ಒಗ್ಗರಣೆಯಾಗಲಿ ಕೊನೆಯಲ್ಲಿ ಬಂದ ಕಾಫಿಯ ಡಿಕಾಕ್ಷನ್ ಆಗಲಿ ಮೂಗಿಗೆ ಸಿಗಲೇ ಇಲ್ಲ. ಗೋಡೆಯ ಮೇಲಿನ ಯಂತ್ರ ಆಗಾಗ ಚಿಮ್ಮಿಸುತ್ತಿದ್ದ ಮಲ್ಲಿಗೆಯ ಘಾಟು ಎಲ್ಲವನ್ನೂ ಮುಚ್ಚಿಹಾಕಿತ್ತು. ಶೌಚಾಲಯದಲ್ಲಂತೂ ಉಸಿರು ಕಟ್ಟುವಷ್ಟಿತ್ತು. ಉಬ್ಬಸವಿರುವ ನನ್ನ ಸೊಸೆ ಊಟ ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ನಿಂತಳು. ನಾನೂ ಹಲವು ವರ್ಷ ಗಲ್ಲಾದಲ್ಲಿ ಕೂತವನು. ಶೌಚಾಲಯದ ವಾಸನೆ ಹೋಟೆಲಿನವರನ್ನು ಎಷ್ಟು ಕಾಡುತ್ತದೆಂದು ಬಲ್ಲೆ. ಅದಕ್ಕೇ ದೂರು ಹೇಳಿ ಸುಮ್ಮನಾಗದೆ ಇಷ್ಟು ಬರೆಯುತ್ತಿದ್ದೇನೆ.

• ಊಟದ ಹಾಲ್‌ನಲ್ಲಿರುವ ಯಂತ್ರವನ್ನು ಇವತ್ತೇ ಇಳಿಸಿ. ನಾಲಿಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿಗಳನ್ನು. ತುಪ್ಪ, ಕೊತ್ತಂಬರಿ, ಹುರಿದ ಕಾಫಿಬೀಜ ಇವೆಲ್ಲ ತಿಳಿಯುವುದು ಮೂಗಿಗೆ. ಬಾಯಲ್ಲಿ ಅಗಿಯುವಾಗ ಆ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಆ ಜಾಗವನ್ನು ಮೊದಲೇ ಕೃತಕ ಮಲ್ಲಿಗೆ ಹಿಡಿದು ಕೂತಿದ್ದರೆ ನಿಮ್ಮ ಭಟ್ಟರ ಕೈರುಚಿ ಗಿರಾಕಿಗೆ ತಲುಪುವುದೇ ಇಲ್ಲ. ಬೆಳಗ್ಗೆ ಹೋಟೆಲಿನ ಬಾಗಿಲಲ್ಲಿ ಜನರನ್ನು ನಿಲ್ಲಿಸುವುದು ಕಾಫಿಯ ಘಮ ತಾನೆ? ಅದನ್ನು ದುಡ್ಡು ಕೊಟ್ಟು ಕೊಲ್ಲಬೇಡಿ.

• ಘಾಟು ಹೆಚ್ಚಾಗಿದೆಯೇ ಎಂದು ಒಳಗೇ ಇರುವವರನ್ನು ಕೇಳಬೇಡಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಸಾಕು, ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಬೆಳಗಿನಿಂದ ಹಾಲ್‌ನಲ್ಲಿರುವ ಸಪ್ಲೈಯರ್‌ಗೆ ಪರಿಮಳ ಇಲ್ಲವೇ ಇಲ್ಲ ಅನಿಸುತ್ತದೆ, ಅವನು ಇನ್ನೊಂದು ಸಲ ಹೊಡೆಯುತ್ತಾನೆ. ನೀವು ಅರ್ಧ ಗಂಟೆ ರಸ್ತೆಯ ಗಾಳಿಯಲ್ಲಿ ಓಡಾಡಿ ಬಂದು ಬಾಗಿಲು ತೆರೆಯಿರಿ. ಮೊದಲ ಉಸಿರಿನಲ್ಲಿ ಸಿಕ್ಕಿದ್ದೇ ಗಿರಾಕಿಗೆ ಸಿಗುವ ವಾಸನೆ. ಇನ್ನೊಂದು ವಿಷಯ: ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಹೀಗಾಗಿ ಚಿಮ್ಮಿಸಿದ್ದು ಹೊರಗೆ ಹೋಗದೆ ಪರದೆಗೂ ಸೀಟಿನ ಕುಶನ್‌ಗೂ ಅಂಟಿಕೊಳ್ಳುತ್ತದೆ. ಯಂತ್ರ ಇಳಿಸಿದ ಮೇಲೆ ಎಸಿಯ ಫಿಲ್ಟರ್ ತೊಳೆಸಿ, ಪರದೆ ಒಗೆಸಿ. ಇಲ್ಲದಿದ್ದರೆ ಘಾಟು ಎಷ್ಟೋ ದಿನ ಉಳಿದುಕೊಳ್ಳುತ್ತದೆ.

• ಶೌಚಾಲಯದ ವಾಸನೆ ಹಾಲ್‌ಗೆ ಬರುತ್ತಿದೆ ಎಂಬ ಭಯಕ್ಕೇ ನೀವು ಈ ಯಂತ್ರ ಹಾಕಿಸಿದ್ದೀರಿ ಎಂದು ನನ್ನ ಊಹೆ. ಹಾಗಿದ್ದರೆ ಅದು ಏಕೆ ಬರುತ್ತಿದೆ ಎಂದು ನೋಡಬೇಕು. ನನ್ನ ಹೋಟೆಲಿನಲ್ಲೂ ಇದೇ ತೊಂದರೆ ಇತ್ತು. ವಿಚಿತ್ರವೆಂದರೆ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಏನೂ ಇಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಕೈತೊಳೆಯುವ ಜಾಗದ ಪಕ್ಕದ ಟೇಬಲ್‌ಗಳಿಗೆ ವಾಸನೆ. ಕ್ಲೀನರ್ ಎರಡೂ ಹೊತ್ತು ಒಂದೇ ರೀತಿ ತೊಳೆಯುತ್ತಿದ್ದ. ಒಂದು ಮಧ್ಯಾಹ್ನ ಊದುಬತ್ತಿ ಹಚ್ಚಿ ಶೌಚಾಲಯದ ಬಾಗಿಲ ಕೆಳಗಿನ ಸಂದಿಗೆ ಹಿಡಿದೆ. ಹೊಗೆ ಒಳಗೆ ಹೋಗಬೇಕಿತ್ತು, ಹಾಲ್ ಕಡೆಗೆ ಬಂತು. ಅಡುಗೆಮನೆಯ ಚಿಮಣಿಯ ದೊಡ್ಡ ಫ್ಯಾನ್ ಊಟದ ಹೊತ್ತಿನಲ್ಲಿ ಪೂರ್ತಿ ವೇಗದಲ್ಲಿ ಗಾಳಿ ಎಳೆಯುತ್ತಿತ್ತು. ಎಸಿ ಹಾಲ್ ಎಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಎಳೆಯಲು ಬೇರೆ ದಾರಿಯಿಲ್ಲದೆ ಆ ಗಾಳಿ ಶೌಚಾಲಯದ ಎಕ್ಸಾಸ್ಟ್ ಕಿಂಡಿಯಿಂದ ಒಳಬಂದು, ಹಾಲ್ ದಾಟಿ ಅಡುಗೆಮನೆಗೆ ಹೋಗುತ್ತಿತ್ತು. ಅಡುಗೆಮನೆಯ ಹಿಂಗೋಡೆಯಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ ತೆರೆಸಿದೆ. ಹಾಲ್‌ಗೂ ಅಡುಗೆಮನೆಗೂ ನಡುವೆ ತಾನೇ ಮುಚ್ಚಿಕೊಳ್ಳುವ ಬಾಗಿಲು ಹಾಕಿಸಿದೆ. ಶೌಚಾಲಯದ ಎಕ್ಸಾಸ್ಟ್ ಫ್ಯಾನ್ ಲೈಟಿನ ಸ್ವಿಚ್ಚಿಗೇ ಸೇರಿತ್ತು, ಅದನ್ನು ಬೇರ್ಪಡಿಸಿ ಹೋಟೆಲ್ ತೆರೆದಷ್ಟು ಹೊತ್ತೂ ಓಡುವಂತೆ ಮಾಡಿಸಿದೆ. ಆಮೇಲೆ ಊದುಬತ್ತಿಯ ಹೊಗೆ ಬಾಗಿಲೊಳಗೆ ಬಾಗತೊಡಗಿತು, ವಾಸನೆಯ ದೂರೂ ನಿಂತಿತು. ಒಂದು ಎಚ್ಚರ: ಶೌಚಾಲಯದ ಬಾಗಿಲ ಕೆಳಗೆ ಒಂದು ಇಂಚಿನಷ್ಟು ಸಂದಿ ಇರಲೇಬೇಕು. ಅದನ್ನು ಮುಚ್ಚಿದರೆ ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಕದಲುವುದಿಲ್ಲ.

• ತೊಳೆದ ನಂತರವೂ ಚರಂಡಿ ವಾಸನೆ ಇದ್ದರೆ ನೆಲದ ನಹಣಿ ಟ್ರ್ಯಾಪ್ ನೋಡಿ. ಅದರ ಬಾಗಿನಲ್ಲಿ ಎರಡು ಇಂಚಿನಷ್ಟು ನೀರು ನಿಂತು ಕೊಳವೆಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ಯಾರೂ ಬಳಸದ ಮೂಲೆಯ ಟ್ರ್ಯಾಪ್‌ನಲ್ಲಿ ಆ ನೀರು ಆರಿಹೋಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ವಾರಕ್ಕೆರಡು ಸಲ ಅರ್ಧ ಬಕೆಟ್ ನೀರು ಸುರಿದರೆ ಸಾಕು. ಸುರಿದ ಮರುದಿನವೂ ವಾಸನೆ ಇದ್ದರೆ ಟ್ರ್ಯಾಪ್ ಒಡೆದಿದೆಯೇ, ಅಥವಾ ಹಾಕಿಯೇ ಇಲ್ಲವೇ ಎಂದು ಪ್ಲಂಬರ್ ನೋಡಲಿ.

• ಗಂಡಸರ ಕಡೆ ಯೂರಿನಲ್‌ನ ಜಾಲರಿ ಎತ್ತಿ ಅಡಿಯಲ್ಲಿ ಕೈದೀಪ ಹಿಡಿಯಿರಿ. ಹಳದಿ ಗಾರೆಯಂತೆ ಕಟ್ಟಿಕೊಂಡಿರುವುದೇ ವಾಸನೆಯ ಮೂಲ. ಅದು ಫಿನಾಯಿಲ್‌ಗೆ ಬಿಡುವುದಿಲ್ಲ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೇಕು. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಉಜ್ಜಿಸಿ. ಕ್ಲೀನರ್ ಹುಡುಗನಿಗೆ ಕೈಗವಸು ಕೊಡಿ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಸೇರಲೇಬಾರದು ಎಂದು ನೀವೇ ನಿಂತು ಹೇಳಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

• ಕೈತೊಳೆಯುವ ಬೇಸಿನ್‌ನಲ್ಲಿ ನುಸಿಗುಳಿಗೆ ಹಾಕಿದ್ದೀರಿ. ದಯವಿಟ್ಟು ತೆಗೆಸಿ. ಊಟಕ್ಕೆ ಕೂರುವವರು ಕೈಯನ್ನು ಅಲ್ಲೇ ತೊಳೆಯಬೇಕು, ಮಕ್ಕಳು ಆ ಬಿಳಿ ಉಂಡೆಯನ್ನು ಪೆಪ್ಪರ್‌ಮಿಂಟ್ ಎಂದು ಎತ್ತಿಕೊಂಡಾರು. ನ್ಯಾಫ್ತಲೀನ್ ಹೊಟ್ಟೆಗೆ ಹೋದರೆ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಜಿ6ಪಿಡಿ ಕೊರತೆ ಇರುವ ಕೂಸುಗಳಿಗೆ ಅದರ ಆವಿಯೇ ಸಾಕು. ಜೊತೆಗೆ ಅದು ಯಾವ ಕೊಳೆಯನ್ನೂ ತೊಳೆಯುವುದಿಲ್ಲ.

• ಇಷ್ಟೆಲ್ಲ ಮಾಡಿದ ಮೇಲೂ ಶೌಚಾಲಯದಲ್ಲಿ ಸ್ವಲ್ಪ ಪರಿಮಳ ಬೇಕೆನಿಸಿದರೆ ಇರಲಿ, ಆದರೆ ಅಲ್ಲಿಗೆ ಮಾತ್ರ. ಯಂತ್ರದ ಒಳಗೆ ಒಂದು ಸಣ್ಣ ಗುಂಡಿ ಇರುತ್ತದೆ. ಹಲವು ಯಂತ್ರಗಳಲ್ಲಿ 9, 18, 36 ನಿಮಿಷ ಎಂದು ಮೂರು ಆಯ್ಕೆ. 9ಕ್ಕೆ ಇಟ್ಟರೆ ಗಂಟೆಗೆ ಆರೇಳು ಸಲ ಚಿಮ್ಮುತ್ತದೆ, 36ಕ್ಕೆ ಇಟ್ಟರೆ ಎರಡು ಸಲವೂ ಆಗುವುದಿಲ್ಲ. 36ಕ್ಕೇ ಇಡಿ. ನಿಂತವರ ಮುಖಕ್ಕೆ ಎದುರಾಗದಂತೆ, ಎಕ್ಸಾಸ್ಟ್ ಫ್ಯಾನಿನ ಹತ್ತಿರ ಎತ್ತರದಲ್ಲಿ ಹಾಕಿಸಿ. ನಿಂಬೆಯೋ ಮಲ್ಲಿಗೆಯೋ ಎಂಬುದು ಮುಖ್ಯವಲ್ಲ. ಉಬ್ಬಸ, ಅರೆತಲೆನೋವು ಇರುವವರಿಗೆ ಯಾವ ಕಟು ಪರಿಮಳವೂ ತೊಂದರೆಯೇ.

• ಗಲ್ಲಾದಲ್ಲಿ ಕೂರುವವರಿಗೆ ಒಂದು ಮಾತು ಹೇಳಿಡಿ. ಯಾರಾದರೂ ಘಾಟು ಎಂದರೆ ವಾದ ಬೇಡ, ಎಸಿಯ ಗಾಳಿ ನೇರ ಬೀಳದ, ಬಾಗಿಲ ಹತ್ತಿರದ ಟೇಬಲ್ ಕೊಡಲಿ.

ಊದುಬತ್ತಿಯ ಪರೀಕ್ಷೆಗೆ ಖರ್ಚಿಲ್ಲ. ಚಿಮಣಿ ಪೂರ್ತಿ ಓಡುತ್ತಿರುವಾಗ, ಮಧ್ಯಾಹ್ನ ಒಂದರ ಸುಮಾರಿಗೆ, ನೀವೇ ಬಾಗಿಲ ಬಳಿ ಹಿಡಿದು ನೋಡಿ. ಪ್ಲಂಬರ್‌ನನ್ನೋ ಎಲೆಕ್ಟ್ರಿಷಿಯನ್‌ನನ್ನೋ ಅದಾದ ಮೇಲೆ ಕರೆಯಿರಿ.