ಮೇಕಪ್ ಮೇಲೆ ಮತ್ತೆ ಸನ್‌ಸ್ಕ್ರೀನ್: ಸ್ಟಿಕ್, ಸ್ಪ್ರೇ, ಪೌಡರ್ ಯಾವುದು ಎಷ್ಟು ಕೆಲಸ ಮಾಡುತ್ತದೆ?

ರಾಯಚೂರಿನ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗ ನಡು ಮಧ್ಯಾಹ್ನವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.20ಕ್ಕೆ. ನಿಮ್ಮ ನೆರಳು ನಿಮಗಿಂತ ಗಿಡ್ಡಗಿದ್ದರೆ ಅತಿನೇರಳೆ ಕಿರಣಗಳು ಬಲವಾಗಿವೆ ಎಂದು ತಿಳಿಯಿರಿ. ಆ ದಿನಗಳಲ್ಲಿ ಬೆಳಿಗ್ಗೆ ಸುಮಾರು ಒಂಬತ್ತೂಕಾಲರಿಂದ ಮಧ್ಯಾಹ್ನ ಸುಮಾರು ಮೂರೂವರೆಯವರೆಗೆ ನೆರಳು ಹಾಗೆಯೇ ಇರುತ್ತದೆ.

ಮುಖದ ಮೇಲೆ ಕಂದು ಬಣ್ಣದ ಬಂಗು ಇರುವವರಿಗೆ ಈ ಆರು ಗಂಟೆಗಳೇ ಮುಖ್ಯ. ತಿಂಗಳುಗಟ್ಟಲೆ ಔಷಧಿ ಹಚ್ಚಿ ತಿಳಿಯಾದ ಬಂಗು, ಕೆಲವು ದಿನಗಳ ಬಿಸಿಲಿಗೇ ಮತ್ತೆ ಗಾಢವಾಗಬಹುದು. ಅದಕ್ಕೇ ವೈದ್ಯರು ಹೊರಗಿರುವಾಗ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಮತ್ತೆ ಹಚ್ಚಿಕೊಳ್ಳಿ ಎನ್ನುತ್ತಾರೆ. ಆದರೆ ಮುಖಕ್ಕೆ ಫೌಂಡೇಶನ್ ಹಚ್ಚಿ ಮದುವೆಗೆ ಹೊರಟವಳು ಅದರ ಮೇಲೆ ಕ್ರೀಮ್ ಉಜ್ಜುವುದು ಹೇಗೆ? ಈ ಪ್ರಶ್ನೆಗೆ ಉತ್ತರವೆಂದು ಅಂಗಡಿಗಳಲ್ಲಿ ಸ್ಟಿಕ್, ಸ್ಪ್ರೇ, ಪೌಡರ್ ಮಾರುತ್ತಾರೆ. ಮೂರರ ಮೇಲೂ ಎಸ್‌ಪಿಎಫ್ 50 ಎಂದು ಬರೆದಿರಬಹುದು. ಆದರೆ ಮುಖದ ಮೇಲೆ ಅವು ಕೊಡುವ ರಕ್ಷಣೆ ಒಂದೇ ಸಮನಲ್ಲ.

ಎಲ್ಲವೂ ನಿಂತಿರುವುದು ಪ್ರಮಾಣದ ಮೇಲೆ

ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಈ ಲೆಕ್ಕದಲ್ಲಿ ಮುಖಕ್ಕೆ ಮಾತ್ರ ಸುಮಾರು ಒಂದು ಗ್ರಾಂ ಬೇಕು. ಕ್ರೀಮ್ ಆದರೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಂಡರೆ ಮುಖಕ್ಕೂ ಕತ್ತಿಗೂ ಸಾಕಾಗುತ್ತದೆ. ಅದಕ್ಕಿಂತ ಕಡಿಮೆ ಹಚ್ಚಿದರೆ ರಕ್ಷಣೆಯೂ ಕಡಿಮೆಯಾಗುತ್ತದೆ. ಅರ್ಧ ಹಚ್ಚಿದ 50, ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ.

ಇನ್ನೊಂದು ತಪ್ಪು ಲೆಕ್ಕವೂ ಇದೆ. ಎಸ್‌ಪಿಎಫ್ 30 ಕ್ರೀಮಿನ ಮೇಲೆ ಎಸ್‌ಪಿಎಫ್ 15 ಇರುವ ಫೌಂಡೇಶನ್ ಹಚ್ಚಿದರೆ 45 ಆಗುತ್ತದೆ ಎಂದು ಹಲವರು ಕೂಡಿಸುತ್ತಾರೆ. ಹಾಗೆ ಕೂಡಿಸಲು ಬರುವುದಿಲ್ಲ. ಫೌಂಡೇಶನ್ನನ್ನು ನಾವು ತೆಳ್ಳಗೆ ಹಚ್ಚುವುದರಿಂದ ಅದರ 15 ಕೂಡ ಪೂರ್ತಿ ಸಿಗುವುದಿಲ್ಲ.

ಮತ್ತೆ ಹಚ್ಚಬೇಕಾಗುವುದು ಏಕೆ ಎಂದೂ ತಿಳಿದಿರಲಿ. ಎರಡು ಗಂಟೆಯಾದ ಕೂಡಲೇ ಸನ್‌ಸ್ಕ್ರೀನ್ ಕೆಲಸ ನಿಲ್ಲಿಸುತ್ತದೆ ಎಂದಲ್ಲ. ಬೆವರು, ಚರ್ಮದ ಎಣ್ಣೆ, ಕರವಸ್ತ್ರದ ಒರೆತ, ಹಿಜಾಬಿನ ಅಂಚಿನ ಉಜ್ಜಾಟಗಳಿಂದ ಅದರ ಪದರ ಅಲ್ಲಲ್ಲಿ ಹರಿಯುತ್ತದೆ. ಕಿಟಕಿಯಿಂದ ದೂರ, ಫ್ಯಾನ್ ಕೆಳಗೆ ಬೆವರದೆ ಕುಳಿತವರ ಮುಖದಲ್ಲಿ ಅದು ಬಹುಪಾಲು ಹಾಗೆಯೇ ಇರುತ್ತದೆ. ಆದ್ದರಿಂದ ಗಡಿಯಾರಕ್ಕಿಂತ ನೀವು ಬಿಸಿಲಿಗೆ ಕಾಲಿಡುವ ಗಳಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸ್ಟಿಕ್: ಸರಿಯಾಗಿ ಬಳಸಿದರೆ ಮೂರರಲ್ಲಿ ಮೇಲು

ಸ್ಟಿಕ್ ಎಂದರೆ ಮೇಣ ಮತ್ತು ಎಣ್ಣೆಯಲ್ಲಿ ಗಟ್ಟಿ ಮಾಡಿದ ಸನ್‌ಸ್ಕ್ರೀನ್. ಎಲ್ಲಿ ಹಚ್ಚುತ್ತಿದ್ದೀರಿ ಎಂಬುದು ಕೈಗೆ ತಿಳಿಯುತ್ತದೆ, ಗಾಳಿಗೆ ಹಾರುವುದಿಲ್ಲ, ಕಣ್ಣಿಗೆ ಇಳಿಯುವುದೂ ಕಡಿಮೆ. ನಿಖಾಬ್ ಧರಿಸುವವರಿಗೆ ತೆರೆದಿರುವ ಕಣ್ಣಿನ ಸುತ್ತಲಿನ ಜಾಗಕ್ಕೆ ಇದೇ ಅನುಕೂಲ.

ತಪ್ಪುವುದು ಪ್ರಮಾಣದಲ್ಲಿ. ಕೆನ್ನೆಗೊಂದು, ಹಣೆಗೊಂದು ಗೆರೆ ಎಳೆದು ಬಿಟ್ಟರೆ ಸಾಲದು. ಒಂದೊಂದು ಜಾಗದ ಮೇಲೂ ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಹಾಯಿಸಬೇಕು, ನಂತರ ಬೆರಳಿನಿಂದ ಸಮನಾಗಿಸಬೇಕು. ಮೇಕಪ್ ಇದ್ದರೆ ಮೊದಲು ಟಿಶ್ಯೂ ಒತ್ತಿ ಬೆವರು, ಎಣ್ಣೆ ಹೀರಿಸಿ, ಒರೆಸಬೇಡಿ. ಬಳಿಕ ಹಣೆ, ಮೂಗು, ಒಂದು ಕೆನ್ನೆ, ಇನ್ನೊಂದು ಕೆನ್ನೆ, ಮೇಲ್ದುಟಿಯ ಮೇಲ್ಭಾಗ, ಗಲ್ಲ ಎಂದು ಒಂದೊಂದಾಗಿ ಹಗುರವಾಗಿ ಹಾಯಿಸಿ. ಉಜ್ಜುವ ಬದಲು ಬೆರಳ ತುದಿಯಿಂದ ತಟ್ಟಿ ಕೂಡಿಸಿ. ಇಷ್ಟು ಮಾಡಿದರೂ ದಪ್ಪ ಫೌಂಡೇಶನ್ ಸ್ವಲ್ಪ ಕದಡುತ್ತದೆ. ಕದಡಬಾರದೆಂದು ಒಂದೇ ಸಲ ತೇಲಿಸಿದರೆ ಮೇಕಪ್ ಉಳಿಯುತ್ತದೆ, ರಕ್ಷಣೆ ಉಳಿಯುವುದಿಲ್ಲ.

ನೀವು ಸಾಕಷ್ಟು ಹಚ್ಚುತ್ತಿದ್ದೀರಾ ಎಂದು ತಿಳಿಯಲು ತಕ್ಕಡಿ ಬೇಡ, ಕ್ಯಾಲೆಂಡರ್ ಸಾಕು. ಸ್ಟಿಕ್ ಮೇಲೆ 20 ಗ್ರಾಂ ಎಂದಿದ್ದರೆ, ಸಲಕ್ಕೆ ಒಂದು ಗ್ರಾಮಿನಂತೆ ಅದು ಇಪ್ಪತ್ತು ಸಲಕ್ಕೆ ಮುಗಿಯಬೇಕು. ದಿನಕ್ಕೊಮ್ಮೆ ಬಳಸಿಯೂ ಮೂರು ತಿಂಗಳು ಬಂದರೆ ನೀವು ಹಚ್ಚುತ್ತಿರುವುದು ಸಲಕ್ಕೆ ಕಾಲು ಗ್ರಾಮಿಗಿಂತ ಕಡಿಮೆ.

ಸ್ಪ್ರೇ: ಎಷ್ಟು ತಲುಪಿತು ಎಂದೇ ತಿಳಿಯದು

ಸ್ಪ್ರೇ ಮೇಕಪ್ಪನ್ನು ಕದಡುವುದಿಲ್ಲ. ಅದಕ್ಕೇ ಬೇಡಿಕೆ. ಆದರೆ ಮಂಜಿನಂತೆ ಹೊರಬಂದ ಹನಿಗಳಲ್ಲಿ ಒಂದಷ್ಟು ಮಾತ್ರ ಮುಖಕ್ಕೆ ಕೂರುತ್ತವೆ, ಉಳಿದವು ಗಾಳಿಪಾಲು. ಮಾನ್ವಿಯ ಬಸ್ ನಿಲ್ದಾಣದಲ್ಲಿ ನಿಂತು ಬೀಸುಗಾಳಿಯಲ್ಲಿ ಎರಡು ಸಲ ಪುಸ್ ಎನ್ನಿಸಿದರೆ ತಂಪೆನಿಸುತ್ತದೆ. ಆ ತಂಪು ಹೆಚ್ಚಾಗಿ ಅದರಲ್ಲಿನ ಆಲ್ಕೋಹಾಲ್ ಆರುವುದರಿಂದ ಬಂದದ್ದು. ಅದು ರಕ್ಷಣೆಯ ಗುರುತಲ್ಲ. ಸಾಕಷ್ಟು ಬಿದ್ದಿದೆ ಎನ್ನಬೇಕಾದರೆ ಚರ್ಮ ಒದ್ದೆಯಾಗಿ ಹೊಳೆಯಬೇಕು. ಅಷ್ಟು ಬಿದ್ದರೆ ಮೇಕಪ್ ಹರಿದು ಇಳಿಯುತ್ತದೆ.

ಇನ್ನೊಂದು ತೊಡಕು ಉಸಿರಿನದು. ಸನ್‌ಸ್ಕ್ರೀನ್ ಸ್ಪ್ರೇಯನ್ನು ನೇರವಾಗಿ ಮುಖಕ್ಕೆ ಹೊಡೆಯಬಾರದು, ಅಂಗೈಗೆ ಹಾಕಿಕೊಂಡು ಹಚ್ಚಬೇಕು ಎಂಬುದು ಚರ್ಮವೈದ್ಯರ ಸಲಹೆ. ಅಂಗೈಯಿಂದ ಹಚ್ಚುವುದಾದರೆ ಮೇಕಪ್ ಕದಡದು ಎಂಬ ಒಂದೇ ಲಾಭವೂ ಹೋಯಿತು. ದಮ್ಮು ಇರುವವರು, ಮಡಿಲಲ್ಲಿ ಮಗು ಇರುವವರು ಇದನ್ನು ಮುಖದ ಹತ್ತಿರ ತರಬೇಡಿ. ಹಲವು ಸ್ಪ್ರೇಗಳು ಬೆಂಕಿ ಹತ್ತುವಂಥವು. ಒಲೆಯ ಬಳಿ ಬೇಡ, ಬಿಸಿಲಲ್ಲಿ ನಿಂತ ಗಾಡಿಯಲ್ಲೂ ಬಿಡಬೇಡಿ. ಕೈಗಳ ಹಿಂಭಾಗಕ್ಕೆ ಬಳಸಬಹುದು, ಹತ್ತಿರದಿಂದ ಸಿಂಪಡಿಸಿ ಉಜ್ಜಿಕೊಳ್ಳಬೇಕು.

ಪೌಡರ್: ಸಹಾಯಕ, ಬದಲಿ ಅಲ್ಲ

ಪೌಡರ್ ಹಚ್ಚುವುದು ಎಲ್ಲಕ್ಕಿಂತ ಸುಲಭ, ರಕ್ಷಣೆ ಎಲ್ಲಕ್ಕಿಂತ ಕಡಿಮೆ. ಇಲ್ಲಿಯೂ ಅದೇ ಲೆಕ್ಕ ಹಾಕಿ. ಬ್ರಷ್ ಜೊತೆಗೆ ಬರುವ ಡಬ್ಬಿಯಲ್ಲಿ 4 ಗ್ರಾಂ ಪೌಡರ್ ಇದೆ ಎನ್ನೋಣ. ಬರೆದಿರುವ ಎಸ್‌ಪಿಎಫ್ ಸಿಗಬೇಕಾದರೆ ಆ ಡಬ್ಬಿ ನಾಲ್ಕೇ ಸಲಕ್ಕೆ ಖಾಲಿಯಾಗಬೇಕು. ಒಂದು ಗ್ರಾಂ ಪೌಡರನ್ನು ಮುಖಕ್ಕೆ ಬಳಿದುಕೊಂಡರೆ ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತೇವೆ. ಹಾಗೆ ಯಾರೂ ಹಚ್ಚುವುದಿಲ್ಲ. 10 ಗ್ರಾಂ ಕಾಂಪ್ಯಾಕ್ಟ್ ದಿನಕ್ಕೊಮ್ಮೆಯಂತೆ ಮೂರು ತಿಂಗಳು ಬಂದರೆ, ಸಲಕ್ಕೆ ಬೇಕಾದದ್ದರ ಒಂಬತ್ತರಲ್ಲಿ ಒಂದು ಪಾಲು ಹಚ್ಚಿದಂತಾಯಿತು.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸನ್‌ಸ್ಕ್ರೀನ್ ನಿಯಮಗಳ ಪ್ರಸ್ತಾವದಲ್ಲಿ ಸ್ಟಿಕ್ ಮತ್ತು ಸ್ಪ್ರೇಗಳನ್ನು ಒಪ್ಪಬಹುದಾದ ರೂಪಗಳ ಸಾಲಿನಲ್ಲಿ ಇಟ್ಟಿತು. ಸ್ಪ್ರೇಗೆ ಉಸಿರಿನ ಸುರಕ್ಷತೆಯ ಷರತ್ತು ಹಾಕಿತು. ಪೌಡರ್‌ಗೆ ಮಾತ್ರ ಇನ್ನಷ್ಟು ಪುರಾವೆ ಬೇಕು ಎಂದಿತು.

ಹಾಗೆಂದು ಪೌಡರ್ ವ್ಯರ್ಥವಲ್ಲ. ಅದು ಎಣ್ಣೆ ಹೀರಿ, ಕೆಳಗಿನ ಕ್ರೀಮ್ ಜಾರದಂತೆ ತಡೆಯುತ್ತದೆ. ಬಂಗು ಇರುವವರಿಗೆ ಇನ್ನೊಂದು ಲಾಭವೂ ಇದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಬಿಳಿ ಅಥವಾ ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಹೆಚ್ಚು ತಡೆಯುವುದಿಲ್ಲ. ಚರ್ಮದ ಬಣ್ಣದ ಪೌಡರ್, ಫೌಂಡೇಶನ್, ಕ್ರೀಮುಗಳಲ್ಲಿರುವ ಐರನ್ ಆಕ್ಸೈಡ್ ಒಂದಷ್ಟು ತಡೆಯುತ್ತದೆ. ಕ್ರೀಮ್ ಕೊಳ್ಳುವಾಗಲೂ ಬಂಗು ಇರುವವರು ಇದನ್ನು ನೋಡಿ ಕೊಳ್ಳುವುದು ಒಳ್ಳೆಯದು.

ಒಂದು ದಿನದ ಲೆಕ್ಕ: ದೇವದುರ್ಗದ ಮದುವೆ

ಏಪ್ರಿಲ್ ಕೊನೆಯ ಒಂದು ಭಾನುವಾರ, ರಾಯಚೂರಿನಿಂದ ದೇವದುರ್ಗಕ್ಕೆ ಮದುವೆಗೆ ಹೊರಟಿದ್ದೀರಿ. ಕೆನ್ನೆಯ ಮೇಲೆ ಹಳೆಯ ಬಂಗು ಇದೆ.

ಒಂಬತ್ತಕ್ಕೆ ಮೇಕಪ್. ಅದಕ್ಕೂ ಮೊದಲು ಎರಡು ಬೆರಳಿನ ಪ್ರಮಾಣದ ಕ್ರೀಮ್ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ನಂತರ ಫೌಂಡೇಶನ್ ತಟ್ಟಿ. ಈ ಮೊದಲ ಪದರ ಬಲವಾಗಿದ್ದರೆ ಮುಂದಿನದೆಲ್ಲ ಅದರ ದುರಸ್ತಿ ಅಷ್ಟೇ. ಇದೇ ಇಲ್ಲದಿದ್ದರೆ ಮೇಲಿನ ಯಾವ ಸ್ಟಿಕ್ಕೂ ಅದನ್ನು ತುಂಬಿಕೊಡಲಾರದು.

ಹತ್ತಕ್ಕೆ ಬಸ್. ಕಿಟಕಿಯ ಗಾಜು ಚರ್ಮ ಸುಡುವ ಕಿರಣಗಳನ್ನು ಬಹುಮಟ್ಟಿಗೆ ತಡೆದರೂ, ಬಂಗು ಹೆಚ್ಚಿಸುವ ಯುವಿಎ ಕಿರಣಗಳನ್ನು ಒಳಗೆ ಬಿಡುತ್ತದೆ. ಬಿಸಿಲು ಬೀಳದ ಬದಿಯಲ್ಲಿ ಕುಳಿತುಕೊಳ್ಳಿ. ಹನ್ನೆರಡರ ಹೊತ್ತಿಗೆ ಇಳಿಯುವಾಗ ಬೆವರು ಬಂದಿರುತ್ತದೆ, ಹೊರಗೆ ನೆತ್ತಿಯ ಬಿಸಿಲು. ಇಳಿಯುವ ಹತ್ತು ನಿಮಿಷ ಮೊದಲು ಟಿಶ್ಯೂ ಒತ್ತಿ ಸ್ಟಿಕ್ ಬಳಸಿ. ಹಿಜಾಬ್ ಉಜ್ಜುವ ಹಣೆಯ ಅಂಚು ಮತ್ತು ದವಡೆಯ ಗೆರೆಯನ್ನು ಮರೆಯಬೇಡಿ. ಇಳಿದ ಮೇಲೆ ಛತ್ರಿ ಬಿಚ್ಚಿ.

ಝುಹರ್ ನಮಾಝಿಗೆ ವುಝೂ ಮಾಡುವಾಗ ಮುಖ ತೊಳೆಯಲೇಬೇಕು. ಮೇಕಪ್ ಹೇಗೂ ಅರ್ಧ ಹೋಗುತ್ತದೆ. ಉಳಿದ ಅರ್ಧವನ್ನು ಕಾಪಾಡಲು ಹೆಣಗಾಡುವ ಬದಲು, ಫೇಸ್‌ವಾಶ್‌ನಿಂದ ಪೂರ್ತಿ ತೆಗೆದು ವುಝೂ ಮಾಡಿ. ನಮಾಝಿನ ನಂತರ ಒಣಗಿದ ಮುಖಕ್ಕೆ ಮತ್ತೆ ಎರಡು ಬೆರಳು ಕ್ರೀಮ್ ಹಚ್ಚಿ, ಮೇಲೆ ತೆಳ್ಳಗೆ ಬಣ್ಣದ ಪೌಡರ್ ತಟ್ಟಿ. ಸ್ಟಿಕ್, ಸ್ಪ್ರೇ, ಪೌಡರ್ ಮೂರನ್ನೂ ಮೀರಿಸುವ ದಾರಿ ಇದೇ: ತೊಳೆದು ಹೊಸದಾಗಿ ಹಚ್ಚುವುದು. ದಿನದ ಬಿಸಿಲು ಅತಿ ಕಟುವಾದ ಹೊತ್ತಿಗೇ ಅದಕ್ಕೆ ಅವಕಾಶ ಸಿಗುತ್ತದೆ.

ಊಟ, ಮಾತುಕತೆ ಮುಗಿಸಿ ಮೂರೂವರೆಗೆ ಹೊರಡುವಾಗ ನೆರಳು ನಿಮ್ಮಷ್ಟೇ ಉದ್ದವಾಗಿರುತ್ತದೆ. ಮಂಟಪದ ಒಳಗೇ ಇದ್ದವರಿಗೆ ಮಧ್ಯಾಹ್ನದ ಕ್ರೀಮಿನ ಮೇಲೆ ಪೌಡರ್ ಸಾಕು. ಅಡುಗೆಯ ಕಡೆ ಓಡಾಡಿ ಬೆವರಿದ್ದರೆ ಇನ್ನೊಮ್ಮೆ ಸ್ಟಿಕ್ ಬೇಕು.

ಕೊಳ್ಳುವಾಗ, ಇಡುವಾಗ

ಒಂದೇ ಕೊಳ್ಳಲು ಹಣವಿದ್ದರೆ ಕ್ರೀಮ್ ಕೊಳ್ಳಿ. ಎರಡನೆಯದಕ್ಕೆ ಇದ್ದರೆ ಸ್ಟಿಕ್. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಜೊತೆಗೆ ಪಿಎ ಗುರುತಿನ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಅವಧಿ ಮುಗಿಯುವ ತಿಂಗಳನ್ನು ನೋಡಿ. ಸ್ಟಿಕ್ಕನ್ನು ಸ್ಕೂಟಿಯ ಡಿಕ್ಕಿಯಲ್ಲಿ ಇಟ್ಟರೆ ನಮ್ಮ ಸೆಕೆಗೆ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಹಾಗೆ ಆದದ್ದು ಗರಗರ ಎನ್ನುತ್ತಿದ್ದರೆ, ಎಣ್ಣೆ ಬಿಟ್ಟಿದ್ದರೆ, ವಾಸನೆ ಬದಲಾಗಿದ್ದರೆ ಬಳಸಬೇಡಿ.

ಇಷ್ಟೆಲ್ಲ ಮಾಡಿದರೂ ಎರಡು ಮೂರು ತಿಂಗಳಲ್ಲಿ ಬಂಗು ಹರಡುತ್ತಲೇ ಇದ್ದರೆ, ಬಿಳುಪಾಗಿಸುವ ಕ್ರೀಮನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅವು ಮೊದಲು ಬಂಗನ್ನು ತಿಳಿ ಮಾಡಿ, ನಂತರ ಚರ್ಮವನ್ನು ತೆಳುವಾಗಿಸಿ ಕೆಂಪೇರಿಸುತ್ತವೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೋ ಹತ್ತಿರದ ಬೇರೆ ಕಡೆಯೋ ಚರ್ಮವೈದ್ಯರಿಗೆ ತೋರಿಸಿ. ಹೋಗುವಾಗ ನೀವು ಬಳಸುವ ಕ್ರೀಮ್, ಸ್ಟಿಕ್, ಪೌಡರ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದೊಂದೂ ಎಷ್ಟು ದಿನ ಬಂತು ಎಂದು ಹೇಳಿ. ನೀವು ಸಾಕಷ್ಟು ಹಚ್ಚುತ್ತಿದ್ದಿರೋ ಇಲ್ಲವೋ ಎಂಬುದು ಅದರಿಂದಲೇ ವೈದ್ಯರಿಗೆ ತಿಳಿಯುತ್ತದೆ.