ಹಿಮ್ಮಡಿ ನೆಲಕ್ಕೆ ತಾಗಿದಾಗ ನೋವೇಕೆ?

ವಾರವಿಡೀ ಮೂರು ಇಂಚಿನ ಹೈಹೀಲ್ಸ್ ತೊಟ್ಟು ಕಚೇರಿಗೆ ಹೋಗುವ ಓದುಗರಿಗೆ ಭಾನುವಾರ ಬರಿಗಾಲಿನಲ್ಲಿ ಓಡಾಡುವಾಗಲೇ ಮೀನಖಂಡ ಸೆಳೆಯುವುದು ವಿಚಿತ್ರವೆನಿಸಿದರೂ ಅದಕ್ಕೆ ಕಾರಣವಿದೆ. ಹಿಮ್ಮಡಿ ದಿನವೂ ಎತ್ತರದಲ್ಲೇ ಇದ್ದರೆ ಮೀನಖಂಡದ ಸ್ನಾಯುತಂತುಗಳು ಕ್ರಮೇಣ ಗಿಡ್ಡವಾಗಿ, ಅವುಗಳನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ದಪ್ಪ ಹುರಿಯಂತಹ ಅಕಿಲಿಸ್ ಸ್ನಾಯುರಜ್ಜು ಬಿರುಸಾಗುವುದರಿಂದ, ಪಾದ ಸಮತಟ್ಟಾದೊಡನೆ ಎಳೆತ ಉಂಟಾಗುತ್ತದೆ. ಆದ್ದರಿಂದ ಒಮ್ಮೆಲೇ ಚಪ್ಪಟೆ ಚಪ್ಪಲಿಗೆ ಬದಲಾಗದೆ, ಎರಡು ಮೂರು ವಾರಗಳಿಗೊಮ್ಮೆ ಅರ್ಧ ಇಂಚಿನಂತೆ ಎತ್ತರವನ್ನು ಇಳಿಸುತ್ತಾ ಒಂದು ಇಂಚಿನ ಆಸುಪಾಸಿಗೆ ತರುವುದು, ಜೊತೆಗೆ ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು ಅದರ ಹಿಮ್ಮಡಿಯನ್ನು ನೆಲದಿಂದ ಎತ್ತದೆ ಅರ್ಧ ನಿಮಿಷ ನಿಲ್ಲುವುದು ಸೂಕ್ತ.

ಪಾದರಕ್ಷೆಯ ಹೀಲ್ ಅಗಲವಾಗಿದ್ದರೆ ಕಾಲು ಉಳುಕುವ ಸಂಭವ ಕಡಿಮೆಯಾಗುತ್ತದೆಯಾದರೂ, ಮಂಡಿಯ ಮೇಲಿನ ಹೆಚ್ಚುವರಿ ಹೊರೆ ಎತ್ತರವನ್ನು ಅವಲಂಬಿಸಿರುವುದರಿಂದ ಅದು ತಪ್ಪುವುದಿಲ್ಲ. ಬೆನ್ನಿನ ವಿಷಯ ಇಷ್ಟು ನೇರವಲ್ಲ. ಸೊಂಟದ ಬಾಗು ಎಲ್ಲರಲ್ಲೂ ಹೆಚ್ಚುತ್ತದೆಂಬ ಜನಪ್ರಿಯ ನಂಬಿಕೆಯನ್ನು ಅಳತೆಗಳು ಒಂದೇ ತೆರನಾಗಿ ಸಮರ್ಥಿಸಿಲ್ಲ.

ಮದುವೆಯ ಮಂಟಪದಲ್ಲಿ ಹೇಗೂ ಪಾದರಕ್ಷೆ ಕಳಚಬೇಕಾಗುವುದರಿಂದ, ಕಾಲಿಗೆ ನಿಜವಾದ ಪರೀಕ್ಷೆ ಎದುರಾಗುವುದು ಗಂಟೆಗಟ್ಟಲೆ ನಿಲ್ಲಬೇಕಾದ ಆರತಕ್ಷತೆಯಲ್ಲಿ. ಅಲ್ಲಿ ಮುಂಗಾಲೂ ಹಿಮ್ಮಡಿಯೂ ಒಟ್ಟಿಗೆ ಎತ್ತರಗೊಂಡಿರುವ ಪ್ಲಾಟ್‌ಫಾರ್ಮ್ ಮಾದರಿಯಲ್ಲಿ ಪಾದದ ಇಳಿಜಾರು ಕಡಿಮೆಯಿರುತ್ತದೆ. ಲೆಹೆಂಗಾದ ಉದ್ದವನ್ನು ಹೊಲಿಗೆಯವರಿಗೆ ಹೇಳುವ ಮೊದಲೇ ಪಾದರಕ್ಷೆಯನ್ನು ಆರಿಸಿಕೊಳ್ಳುವುದು ಲೇಸು. ಮರುದಿನವೂ ಹೆಬ್ಬೆರಳ ಬುಡದಲ್ಲಿ ಊತ ಅಥವಾ ಬೆರಳುಗಳ ನಡುವೆ ಜೋಮು ಉಳಿದರೆ ಮೂಳೆತಜ್ಞರಿಗೆ ತೋರಿಸಬೇಕು.