ಹತ್ತು ಎಸೆತದ ಮೇಲೆ ಆಟಗಾರನನ್ನು ಅಳೆಯುವಾಗ

ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಅಂಕಿಅಂಶದ ಕೆಲಸ ಮಾಡುವವರಿಗೆ ಪ್ರತಿ ಋತುವಿನ ಆರಂಭದಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ. ಹೊಸ ಹುಡುಗ ಹತ್ತು ಫ್ರೀ ಥ್ರೋ ಎಸೆದಿದ್ದಾನೆ, ನಾಲ್ಕು ಬುಟ್ಟಿಗೆ ಬಿದ್ದಿವೆ. ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವನನ್ನು ಅಂಕಣದಲ್ಲಿ ಉಳಿಸಿಕೊಳ್ಳಬಹುದೇ ಎಂದು ಕೋಚ್ ಕೇಳುತ್ತಾರೆ. ಫ್ರೀ ಥ್ರೋ ಸರಿಯಾಗಿ ಬಾರದವನನ್ನು ಎದುರಾಳಿಗಳು ಬೇಕೆಂದೇ ಫೌಲ್ ಮಾಡುತ್ತಾರೆ, ಆದ್ದರಿಂದ ಈ ಪ್ರಶ್ನೆಗೆ ತೂಕವಿದೆ. ಶೇ. 40 ಎಂಬ ಉತ್ತರ ತಪ್ಪು. ಎಷ್ಟು ತಪ್ಪು, ಏಕೆ ತಪ್ಪು ಎಂದು ನಾನು ಕಲಿತದ್ದು ಇಲ್ಲಿದೆ.

1. ಅವನು ಮೊದಲ ಚೆಂಡು ಎಸೆಯುವ ಮೊದಲೇ ನಮಗೆ ಬಹಳಷ್ಟು ಗೊತ್ತಿರುತ್ತದೆ

ಆ ಮಟ್ಟದಲ್ಲಿ ಆಡುವ ಉಳಿದವರು ಸರಾಸರಿ ನೂರಕ್ಕೆ 75 ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ಬಹುಪಾಲು ಆಟಗಾರರು 65ರಿಂದ 85ರ ನಡುವೆ ಇದ್ದಾರೆ, ಅಂದರೆ ಮಾನಕ ವಿಚಲನೆ ಸುಮಾರು 10. ಈ ತಿಳಿವಳಿಕೆಯನ್ನು ಬೀಟಾ ಹಂಚಿಕೆಯಾಗಿ ಬರೆಯಬಹುದು. ಅದಕ್ಕೆ ಬೇಕಾದದ್ದು ಎರಡೇ ಸಂಖ್ಯೆ: a ಮತ್ತು b. ಇವನ್ನು ಆಟಗಾರನ ಖಾತೆಗೆ ಮುಂಚಿತವಾಗಿ ಜಮಾ ಮಾಡಿದ ಕಾಲ್ಪನಿಕ ಯಶಸ್ಸುಗಳು ಮತ್ತು ವೈಫಲ್ಯಗಳು ಎಂದು ಓದಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ a = 13.5, b = 4.5, ಒಟ್ಟು 18 ಎಸೆತ.

ಆಮೇಲೆ ನಿಜವಾದ ಎಸೆತಗಳನ್ನು ಕೂಡಿಸಿದರಾಯಿತು. n ಎಸೆತಗಳಲ್ಲಿ s ಯಶಸ್ವಿಯಾದರೆ ಹೊಸ ಅಂದಾಜು ಹೀಗೆ ಬರುತ್ತದೆ:

```
(a + s) / (a + b + n)
```

ನಮ್ಮ ಹುಡುಗನಿಗೆ 17.5 ಭಾಗಿಸು 28, ಅಂದರೆ ಶೇ. 62.5. ಅವನು ಸರಾಸರಿಗಿಂತ ಕೆಳಗಿದ್ದಾನೆ ಎಂಬ ಅನುಮಾನಕ್ಕೆ ಆಧಾರವಿದೆ, ಆದರೆ 40 ಎನ್ನಲು ಇಲ್ಲ. ಹೊಸ ಬೀಟಾ ಹಂಚಿಕೆಯ ಮಧ್ಯದ ಶೇ. 90 ಭಾಗ ಸುಮಾರು 47ರಿಂದ 77ರವರೆಗೆ ಹರಡಿಕೊಂಡಿರುತ್ತದೆ. ಕೋಚ್‌ಗೆ ನಾನು ಈ ಎರಡು ತುದಿಗಳನ್ನೂ ಹೇಳುತ್ತೇನೆ. ಬರೀ ಮಧ್ಯದ ಸಂಖ್ಯೆ ಕೊಟ್ಟರೆ ಅದು ಅಳತೆಪಟ್ಟಿ ಹಿಡಿದು ಅಳೆದಂತೆ ಕೇಳಿಸುತ್ತದೆ.

2. 18 ಎಂಬ ಸಂಖ್ಯೆಯೇ ಇಡೀ ಲೆಕ್ಕದ ಜೀವ

ಸರಾಸರಿ 75 ಎನ್ನುವುದರ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಅದಕ್ಕೆ ಎಷ್ಟು ಎಸೆತಗಳ ತೂಕ ಕೊಡಬೇಕು ಎಂಬಲ್ಲೇ ಕೆಲಸ ಕೆಡುವುದು. ಅನೇಕರು ಅದನ್ನು ರುಚಿಗೆ ತಕ್ಕಂತೆ ಹಾಕುತ್ತಾರೆ, ಒಬ್ಬರಿಗೆ 10, ಇನ್ನೊಬ್ಬರಿಗೆ 100. ಹಾಗೆ ಮಾಡಬೇಕಾಗಿಲ್ಲ, ಆ ತೂಕ ಹಳೆಯ ದಾಖಲೆಯಲ್ಲೇ ಇರುತ್ತದೆ. ಆಟಗಾರರು ನಿಜಕ್ಕೂ ಒಬ್ಬರಿಗಿಂತ ಒಬ್ಬರು ಎಷ್ಟು ಭಿನ್ನ ಎಂಬುದೇ ಅದನ್ನು ನಿರ್ಧರಿಸುತ್ತದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಗುಂಪಿನ ಮಾತಿಗೆ ಬೆಲೆ ಹೆಚ್ಚು. ಒಂದೇ ಪಾತ್ರೆಯಲ್ಲಿ ಬೆಂದ ಅನ್ನದ ಹದವನ್ನು ಒಂದು ಅಗುಳಿನಿಂದ ಹೇಳಬಹುದಾದದ್ದೂ ಅಗುಳುಗಳ ನಡುವೆ ಹೆಚ್ಚು ವ್ಯತ್ಯಾಸ ಇಲ್ಲದ್ದರಿಂದಲೇ.

ತೊಡಕು ಇರುವುದು ಕಣ್ಣಿಗೆ ಕಾಣುವ ಭಿನ್ನತೆಯಲ್ಲಿ. ಅದರಲ್ಲಿ ಅದೃಷ್ಟವೂ ಬೆರೆತಿರುತ್ತದೆ. ಕಳೆದ ಋತುವಿನಲ್ಲಿ ತಲಾ 20 ಎಸೆತ ಎಸೆದವರ ಶೇಕಡಾವಾರು ತೆಗೆದುಕೊಂಡಾಗ ಮಾನಕ ವಿಚಲನೆ 0.14 ಬಂತೆನ್ನಿ. ಎಲ್ಲರ ಸಾಮರ್ಥ್ಯವೂ ಸರಿಯಾಗಿ 0.75 ಆಗಿದ್ದರೂ ಬರೀ 20 ಎಸೆತದ ಏರುಪೇರಿನಿಂದಲೇ 0.097ರಷ್ಟು ವಿಚಲನೆ ಬರುತ್ತಿತ್ತು. ಎರಡನ್ನೂ ವರ್ಗ ಮಾಡಿ ಕಳೆಯಬೇಕು: 0.0196ರಲ್ಲಿ 0.0094 ಹೋದರೆ ಉಳಿಯುವುದು 0.0102. ಅದರ ವರ್ಗಮೂಲ ಸುಮಾರು 0.10. ನಿಜವಾದ ಭಿನ್ನತೆ ಇಷ್ಟೇ. ತೂಕ ಇದರಿಂದ ಬರುತ್ತದೆ:

```
a + b = m(1 - m) / v - 1
```

ಇಲ್ಲಿ m ಗುಂಪಿನ ಸರಾಸರಿ, v ಈಗ ಸಿಕ್ಕ 0.10ರ ವರ್ಗ, ಅಂದರೆ 0.01. ಉತ್ತರ 17.75, ನಾವು 18 ಎಂದುಕೊಂಡೆವು. ಅದೃಷ್ಟದ ಪಾಲನ್ನು ಕಳೆಯದೆ 0.14ರ ವರ್ಗವನ್ನೇ ಸೂತ್ರಕ್ಕೆ ಹಾಕಿದರೆ ತೂಕ 9ರ ಕೆಳಕ್ಕೆ ಇಳಿಯುತ್ತದೆ. ಆಗ ಹತ್ತು ಎಸೆತ ಎಸೆದ ಪ್ರತಿಯೊಬ್ಬನೂ ಒಂದೋ ವೀರನಾಗಿ, ಇಲ್ಲವೋ ನಿರುಪಯೋಗಿಯಾಗಿ ಕಾಣುತ್ತಾನೆ. ಕಳೆದು ಉಳಿಯುವುದು ಸೊನ್ನೆಯ ಹತ್ತಿರವೋ ಋಣವೋ ಆದರೆ, ಆಟಗಾರರನ್ನು ಬೇರ್ಪಡಿಸುವಷ್ಟು ದಾಖಲೆ ಇನ್ನೂ ನಮ್ಮ ಕೈಯಲ್ಲಿಲ್ಲ ಎಂದರ್ಥ.

3. ಹತ್ತಕ್ಕೆ ಹತ್ತು ಎಂಬುದಕ್ಕೆ ಎಲ್ಲ ಆಟದಲ್ಲೂ ಒಂದೇ ಬೆಲೆಯಿಲ್ಲ

ಫುಟ್‌ಬಾಲ್ ಪೆನಾಲ್ಟಿಯಲ್ಲೂ ಸುಮಾರು ಮುಕ್ಕಾಲು ಪಾಲು ಗೋಲಾಗುತ್ತದೆ. ಆದರೆ ಒದೆಯುವವರು ಮೊದಲೇ ಆರಿಸಲ್ಪಟ್ಟವರು, ಹಾಗಾಗಿ ಅವರ ನಡುವಿನ ಅಂತರ ಕಡಿಮೆ ಎಂದು ನಾನು ಭಾವಿಸುತ್ತೇನೆ. ಮಾನಕ ವಿಚಲನೆ 4ರ ಆಸುಪಾಸು ಎಂಬುದು ನನ್ನ ಊಹೆ. ಆಗ ತೂಕ 116ಕ್ಕೆ ಏರುತ್ತದೆ. ಹತ್ತಕ್ಕೆ ಹತ್ತು ಹಾಕಿದವನ ಅಂದಾಜು ಫ್ರೀ ಥ್ರೋದಲ್ಲಿ 84ಕ್ಕೆ ಜಿಗಿದರೆ ಪೆನಾಲ್ಟಿಯಲ್ಲಿ 77ಕ್ಕೆ ಮಾತ್ರ ಬರುತ್ತದೆ.

ಸೌತಾಂಪ್ಟನ್ ಪರ 48 ಪೆನಾಲ್ಟಿಗಳಲ್ಲಿ 47ನ್ನು ಗೋಲಾಗಿಸಿದ ಮ್ಯಾಟ್ ಲೆ ಟಿಸಿಯೆಯನ್ನು ತೆಗೆದುಕೊಳ್ಳಿ. 1993ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮಾರ್ಕ್ ಕ್ರಾಸ್ಲಿ ತಡೆದದ್ದೊಂದೇ ತಪ್ಪಿದ್ದು. ದಾಖಲೆ ಶೇ. 98 ಎನ್ನುತ್ತದೆ, ಮೇಲಿನ ಲೆಕ್ಕ ಶೇ. 82 ಎನ್ನುತ್ತದೆ. ಇದು ಅವಮಾನ ಎಂದು ಫುಟ್‌ಬಾಲ್ ಪ್ರಿಯರು ನನ್ನೊಡನೆ ವಾದಿಸಿದ್ದಾರೆ. ವಾದ ನ್ಯಾಯವೇ, ಆದರೆ ಅದನ್ನು ಹೂಡಬೇಕಾದ್ದು ನನ್ನ 4ರ ಮೇಲೆ. ವಿಚಲನೆ 6 ಎಂದು ದಾಖಲೆ ತೋರಿಸಿದರೆ ಅವನ ಅಂದಾಜು 86 ಆಗುತ್ತದೆ. ಎಷ್ಟೋ ಜನ ಪೆನಾಲ್ಟಿ ಒದ್ದಿದ್ದಾರೆ, ಅವರಲ್ಲಿ ಅತ್ಯುತ್ತಮ ದಾಖಲೆಯವರಲ್ಲೊಬ್ಬನನ್ನು ಹುಡುಕಿ ತಂದಿದ್ದೇವೆ. ಅಂಥ ದಾಖಲೆಯಲ್ಲಿ ಪ್ರತಿಭೆಯ ಜೊತೆಗೆ ಅದೃಷ್ಟವೂ ಕೈಜೋಡಿಸಿರುತ್ತದೆ.

4. ಗುಂಪನ್ನು ಎಸೆತ ನೋಡುವ ಮೊದಲೇ ಆರಿಸಿ

ಫ್ರೀ ಥ್ರೋದಲ್ಲಿ ಸ್ಟೀವ್ ನ್ಯಾಶ್ ವೃತ್ತಿಜೀವನದ ಸರಾಸರಿಯಲ್ಲಿ ಶೇ. 90 ದಾಟಿ ನಿಂತವನು. ಶಾಕಿಲ್ ಓನೀಲ್ ಶೇ. 53ರ ಹತ್ತಿರ, ಬೆನ್ ವಾಲೆಸ್ ಶೇ. 41. ಒಬ್ಬ ಗಾರ್ಡ್, ಇನ್ನಿಬ್ಬರು ಬುಟ್ಟಿಯಡಿಯ ದೈತ್ಯರು. ನಮ್ಮ ಹುಡುಗನೂ ಸೆಂಟರ್ ಆಗಿದ್ದು, ಸೆಂಟರ್‌ಗಳ ಸರಾಸರಿ 68 ಆಗಿದ್ದರೆ, ಅದೇ ತೂಕ, ಅದೇ ಹತ್ತಕ್ಕೆ ನಾಲ್ಕು ಅವನನ್ನು 58ಕ್ಕೆ ಇಳಿಸುತ್ತದೆ. ಇಂಥ ವಿಂಗಡಣೆ ಸರಿ. ಆದರೆ ಅವನು ಆರು ತಪ್ಪಿಸಿದ್ದನ್ನು ನೋಡಿದ ಮೇಲೆ ದುರ್ಬಲರ ಗುಂಪಿಗೆ ಸೇರಿಸಿದರೆ ಅದೇ ಆರು ಎಸೆತಗಳನ್ನು ಎರಡು ಸಲ ಎಣಿಸಿದಂತಾಗುತ್ತದೆ.

5. ಮುಂದಿನ ಹತ್ತನ್ನು ಹೇಳುವಾಗ ನಮ್ಮ ಅಜ್ಞಾನವನ್ನೂ ಸೇರಿಸಿ

62.5 ಸಿಕ್ಕಿತೆಂದು ಅದನ್ನೇ ನಾಣ್ಯದಂತೆ ಚಿಮ್ಮಿದರೆ, ಅವನು ಮುಂದಿನ ಹತ್ತನ್ನೂ ಹಾಕುವ ಸಂಭವ ಶೇ. 0.9 ಎಂದು ಬರುತ್ತದೆ. ಬೀಟಾ-ಬೈನೋಮಿಯಲ್ ಲೆಕ್ಕದಲ್ಲಿ ಅದು ಶೇ. 1.9, ಎರಡರಷ್ಟು. ಅವನು ನಿಜದಲ್ಲಿ 75ರ ಆಟಗಾರನೇ ಆಗಿರಬಹುದು ಎಂಬ ಸಾಧ್ಯತೆ ಇಲ್ಲಿ ಉಳಿದಿರುತ್ತದೆ. ಸರಾಸರಿ ಎರಡರಲ್ಲೂ ಒಂದೇ, ವ್ಯತ್ಯಾಸ ತುದಿಗಳಲ್ಲಿ. ನಮ್ಮ ಲೆಕ್ಕ ಸರಿಯೇ ಎಂದು ಪರೀಕ್ಷಿಸುವುದೂ ಅಲ್ಲೇ: ಋತುವಿನ ಮೊದಲರ್ಧದಿಂದ ಪ್ರತಿಯೊಬ್ಬನ ಮುಂದಿನ ಎಸೆತಗಳಿಗೆ ಶೇ. 90ರ ವ್ಯಾಪ್ತಿ ಹೇಳಿ, ದ್ವಿತೀಯಾರ್ಧದಲ್ಲಿ ಎಷ್ಟು ಜನ ಅದರೊಳಗೆ ಬಿದ್ದರು ಎಂದು ಎಣಿಸಬೇಕು. ನೂರಕ್ಕೆ ಎಪ್ಪತ್ತೇ ಜನ ಬಿದ್ದರೆ ನಮಗೆ ಸಲ್ಲದ ಖಚಿತತೆ ಇತ್ತು.

6. ಈ ಸೂತ್ರಕ್ಕೆ ಕಾಲದ ಅರಿವಿಲ್ಲ

ಮುಂದಿನ ಹತ್ತರಲ್ಲಿ ಹುಡುಗ ಎಂಟು ಹಾಕಿದರೆ 25.5 ಭಾಗಿಸು 38, ಶೇ. 67. ಮೊದಲು ಎಂಟು, ಆಮೇಲೆ ನಾಲ್ಕು ಹಾಕಿದ್ದರೂ ಅದೇ 67. ಸಾಮರ್ಥ್ಯ ಬದಲಾಗುತ್ತಿಲ್ಲ ಎಂಬ ನಂಬಿಕೆ ಸೂತ್ರದೊಳಗೇ ಕೂತಿದೆ. ಮಧ್ಯದಲ್ಲಿ ಅವನು ಮೊಣಕೈ ಇಡುವ ರೀತಿ ಬದಲಿಸಿಕೊಂಡಿದ್ದರೆ ಆ ನಂಬಿಕೆ ನಿಲ್ಲುವುದಿಲ್ಲ. ಆಗ ನಾನು ಹಳೆಯ ಎಸೆತಗಳನ್ನು ಅರ್ಧ ತೂಕಕ್ಕೆ ಇಳಿಸುತ್ತೇನೆ: ಹತ್ತಕ್ಕೆ ನಾಲ್ಕು ಎಂಬುದು ಐದಕ್ಕೆ ಎರಡಾಗುತ್ತದೆ, ಅಂದಾಜು 71ಕ್ಕೆ ಏರುತ್ತದೆ. ಆದರೆ ಎಸೆಯುವ ರೀತಿ ಬದಲಾದದ್ದನ್ನು ಕೋಚ್ ಅಭ್ಯಾಸದಲ್ಲಿ ಕಣ್ಣಾರೆ ಕಂಡು, ಎಂಟು ಹಾಕುವ ಮೊದಲೇ ನನಗೆ ಹೇಳಿರಬೇಕು.